ಲಂಬಕೋನ ತ್ರಿಭುಜದ ಮೇಲಿನ ಎರಡು ಚಂದ್ರಕಲೆಗಳು: π ಎಲ್ಲಿಗೆ ಹೋಯಿತು?

ಒಂದು ಲಂಬಕೋನ ತ್ರಿಭುಜ ಬರೆಯಿರಿ. ಲಂಬಕೋನವನ್ನು ಸೇರುವ ಎರಡು ಬಾಹುಗಳ ಮೇಲೆ ಹೊರಗಡೆಗೆ ಒಂದೊಂದು ಅರ್ಧವೃತ್ತ ಎಳೆಯಿರಿ. ವಿಕರ್ಣದ ಮೇಲೂ ಒಂದು ಅರ್ಧವೃತ್ತ ಎಳೆಯಿರಿ, ಆದರೆ ಅದನ್ನು ಹೊರಗೆ ಬಿಡದೆ ತ್ರಿಭುಜ ಇರುವ ಕಡೆಗೇ ತಿರುಗಿಸಿ. ಈ ದೊಡ್ಡ ಅರ್ಧವೃತ್ತ ಚಿಕ್ಕವೆರಡನ್ನೂ ಒಳಗಿನಿಂದ ಕೊರೆಯುತ್ತದೆ. ಕೊರೆದ ಮೇಲೆ ಹೊರಗೆ ಉಳಿಯುವುದು ಬಿದಿಗೆ ಚಂದ್ರನ ಆಕಾರದ ಎರಡು ತುಂಡುಗಳು. ಇವನ್ನು ಚಂದ್ರಕಲೆಗಳು ಎಂದು ಕರೆಯೋಣ. ಈ ಎರಡರ ವಿಸ್ತೀರ್ಣ ಕೂಡಿಸಿದರೆ ತ್ರಿಭುಜದ ವಿಸ್ತೀರ್ಣ ಬರುತ್ತದೆ. ಸುಮಾರಾಗಿ ಅಲ್ಲ, ಕರಾರುವಾಕ್ಕಾಗಿ.

ಇದರಲ್ಲಿ ಬೆರಗಾಗುವ ಸಂಗತಿ ಏನೆಂದರೆ, ಚಂದ್ರಕಲೆಗೆ ಒಂದೇ ಒಂದು ನೇರ ಅಂಚೂ ಇಲ್ಲ. ಹೊರಗಿನದೂ ಕಂಸ, ಒಳಗಿನದೂ ಕಂಸ. ವೃತ್ತದ ಅಂಚಿರುವ ಆಕೃತಿಯ ವಿಸ್ತೀರ್ಣ ಎಂದರೆ ಅದರಲ್ಲಿ π ಬಂದೇ ಬರುತ್ತದೆ ಎಂದು ನಾವು ಶಾಲೆಯಿಂದ ನಂಬಿಕೊಂಡು ಬಂದಿರುತ್ತೇವೆ. ಇಲ್ಲಿ ಉತ್ತರ ಬರುವುದು ಎರಡು ಬಾಹುಗಳ ಗುಣಲಬ್ಧದ ಅರ್ಧ, ಅಷ್ಟೇ. π ಎಲ್ಲಿ ಒಳಗೆ ಬಂತು, ಎಲ್ಲಿ ಹೊರಗೆ ಹೋಯಿತು ಎಂಬುದನ್ನು ಹಿಡಿದರೆ ಇಡೀ ಪ್ರಮೇಯ ಕೈಗೆ ಸಿಕ್ಕಂತೆ.

ಮೊದಲು ಚಿತ್ರ ಸರಿಯಾಗಿ ಬರಲಿ

ಅಳತೆಗೆ 6, 8, 10 ಸೆಂ.ಮೀ. ಬಾಹುಗಳ ತ್ರಿಭುಜ ತೆಗೆದುಕೊಳ್ಳೋಣ. 36 + 64 = 100 ಆಗುವುದರಿಂದ ಇದು ಲಂಬಕೋನ ತ್ರಿಭುಜ; ಇಡೀ ಚಿತ್ರ 12 ಸೆಂ.ಮೀ. ಅಗಲ, 6.4 ಸೆಂ.ಮೀ. ಎತ್ತರದೊಳಗೆ ಕೂರುವುದರಿಂದ ನೋಟ್‌ಬುಕ್ಕಿನ ಪುಟದಲ್ಲೂ ಹಿಡಿಸುತ್ತದೆ.

ಹೆಚ್ಚಿನವರು ಕೋನಮಾಪಕ ಇಟ್ಟು 90° ಗುರುತು ಮಾಡಿ, 6 ಮತ್ತು 8ರ ಬಾಹುಗಳನ್ನು ಎಳೆದು, ಕೊನೆಗೆ ವಿಕರ್ಣ ಸೇರಿಸುತ್ತಾರೆ. ಈ ಕ್ರಮದಲ್ಲಿ ಕೋನದ ಸಣ್ಣ ತಪ್ಪು ಇಡೀ ಚಿತ್ರಕ್ಕೆ ಹರಡುತ್ತದೆ. ಇದನ್ನು ತಿರುಗಿಸಿ ಮಾಡುವುದು ಒಳ್ಳೆಯದು. ಮೊದಲು 10 ಸೆಂ.ಮೀ. ಉದ್ದದ AB ಎಂಬ ವಿಕರ್ಣ ಎಳೆಯಿರಿ. ಅದರ ನಡುಬಿಂದು M ಗುರುತಿಸಿ, ಕೈವಾರದ ಮುಳ್ಳನ್ನು ಅಲ್ಲಿಟ್ಟು 5 ಸೆಂ.ಮೀ. ತ್ರಿಜ್ಯದಲ್ಲಿ ಮೇಲುಗಡೆಗೆ ಅರ್ಧವೃತ್ತ ಎಳೆಯಿರಿ. ಆಮೇಲೆ ಕೈವಾರವನ್ನು 6 ಸೆಂ.ಮೀ.ಗೆ ಅಗಲಿಸಿ, A ಬಿಂದುವಿನಿಂದ ಅರ್ಧವೃತ್ತದ ಮೇಲೆ ಒಂದು ಗೀಟು ಹಾಕಿ. ಆ ಬಿಂದುವೇ C. ಅರ್ಧವೃತ್ತದೊಳಗಿನ ಕೋನ ಲಂಬಕೋನವೇ ಆಗಿರುವುದರಿಂದ ಇಲ್ಲಿ ಕೋನಮಾಪಕ ಬೇಕಾಗಿಲ್ಲ. CB ಅಳೆದು ನೋಡಿ, 8.0 ಬರಬೇಕು. ಅರ್ಧ ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ನಡುಬಿಂದು ಜರುಗಿದೆ ಅಥವಾ ಕೈವಾರದ ತಿರುಪು ಸಡಿಲವಾಗಿದೆ ಎಂದರ್ಥ.

ಈಗ AC ನಡುಬಿಂದುವಿನಿಂದ 3 ಸೆಂ.ಮೀ. ತ್ರಿಜ್ಯದಲ್ಲಿ, BC ನಡುಬಿಂದುವಿನಿಂದ 4 ಸೆಂ.ಮೀ. ತ್ರಿಜ್ಯದಲ್ಲಿ ಹೊರಗಡೆಗೆ ಅರ್ಧವೃತ್ತಗಳನ್ನು ಎಳೆಯಿರಿ. ಚಂದ್ರಕಲೆಗಳು ಮೂಡುತ್ತವೆ.

ಚಿತ್ರ ಸರಿಯಿದೆಯೇ ಎಂದು ನೋಡಲು ಒಂದು ಚೆಂದದ ಪರೀಕ್ಷೆ ಇದೆ. ಪ್ರತಿ ಚಂದ್ರಕಲೆಯ ನಟ್ಟನಡುವಿನ ದಪ್ಪವನ್ನು, ಅಂದರೆ ಬಾಹುವಿನ ನಡುಬಿಂದುವಿನಿಂದ ಆ ಬಾಹುವಿಗೆ ಲಂಬವಾಗಿ ಹೋದಾಗ ಒಳಕಂಸಕ್ಕೂ ಹೊರಕಂಸಕ್ಕೂ ನಡುವೆ ಸಿಗುವ ಅಂತರವನ್ನು ಅಳೆಯಿರಿ. 6 ಸೆಂ.ಮೀ. ಬಾಹುವಿನ ಮೇಲೆ ಹೊರಕಂಸ 3 ಸೆಂ.ಮೀ. ಎತ್ತರದಲ್ಲಿದೆ. M ಬಿಂದುವಿನಿಂದ ಆ ಬಾಹುವಿಗಿರುವ ದೂರ 4, ದೊಡ್ಡ ವೃತ್ತದ ತ್ರಿಜ್ಯ 5, ಆದ್ದರಿಂದ ಒಳಕಂಸದ ಎತ್ತರ 1. ದಪ್ಪ 2 ಸೆಂ.ಮೀ. ಇನ್ನೊಂದು ಬಾಹುವಿನ ಮೇಲೆ ಹೊರಕಂಸದ ಎತ್ತರ 4, ಒಳಕಂಸದ್ದು 5 − 3 = 2. ಅಲ್ಲೂ ದಪ್ಪ 2 ಸೆಂ.ಮೀ. ಇದು ಈ ಅಳತೆಗೆ ಮಾತ್ರ ಒದಗಿದ ಕಾಕತಾಳೀಯವಲ್ಲ. ಯಾವ ಲಂಬಕೋನ ತ್ರಿಭುಜದಲ್ಲೂ ಎರಡು ಚಂದ್ರಕಲೆಗಳ ನಡುದಪ್ಪ ಒಂದೇ; ಲಂಬಕೋನವನ್ನು ಸೇರುವ ಬಾಹುಗಳು a, b, ವಿಕರ್ಣ c ಆದರೆ ಅದು (a + b − c)/2. ತ್ರಿಭುಜದೊಳಗೆ ಮೂರೂ ಬಾಹುಗಳನ್ನು ಮುಟ್ಟುವಂತೆ ಎಳೆದ ಒಳವೃತ್ತದ ತ್ರಿಜ್ಯವೂ ಇದೇ. ಒಂದು ಚಂದ್ರಕಲೆ ಗಿಡ್ಡ, ಇನ್ನೊಂದು ಉದ್ದ. ದಪ್ಪ ಮಾತ್ರ ಸಮ.

ಒಂದೇ ಆಕೃತಿಯನ್ನು ಎರಡು ಸಲ ಎಣಿಸುವುದು

ಸಾಧನೆಗೆ ಹೊರಟವರು ಎಡವುವುದು ಬಹುಮಟ್ಟಿಗೆ ಒಂದೇ ಕಡೆ. ಚಂದ್ರಕಲೆ ಎಂದರೆ ಚಿಕ್ಕ ಅರ್ಧವೃತ್ತದಿಂದ ದೊಡ್ಡದನ್ನು ತೆಗೆದಾಗ ಉಳಿಯುವುದು ತಾನೆ ಎಂದುಕೊಂಡು, ಎರಡು ಚಿಕ್ಕ ಅರ್ಧವೃತ್ತಗಳ ವಿಸ್ತೀರ್ಣದ ಮೊತ್ತದಿಂದ ದೊಡ್ಡದರ ವಿಸ್ತೀರ್ಣ ಕಳೆಯುತ್ತಾರೆ. ಉತ್ತರ ಸೊನ್ನೆ ಬರುತ್ತದೆ. ಕಣ್ಣೆದುರಿಗೆ ಎರಡು ಚಂದ್ರಕಲೆಗಳು ಇರುವಾಗ ಸೊನ್ನೆ ಹೇಗೆ? ದೊಡ್ಡ ಅರ್ಧವೃತ್ತ ಚಿಕ್ಕವುಗಳನ್ನು ಮಾತ್ರ ಮುಚ್ಚಿಲ್ಲ, ತ್ರಿಭುಜವನ್ನೂ ಮುಚ್ಚಿದೆ. ಅದನ್ನು ಪೂರ್ತಿ ಕಳೆದಾಗ, ಕೂಡಿಸಿಯೇ ಇಲ್ಲದ ತ್ರಿಭುಜವನ್ನೂ ಕಳೆದಂತಾಯಿತು.

ಈ ಗೊಂದಲ ಬಾರದಂತೆ ಮಾಡಲು, ಚಂದ್ರಕಲೆಗಳ ಮೇಲಿನ ಕಣ್ಣು ತೆಗೆದು ಇಡೀ ಚಿತ್ರದ ಹೊರ ಅಂಚನ್ನು ನೋಡಿ. ಆ ಅಂಚಿನೊಳಗಿನ ಪೂರ್ಣ ಆಕೃತಿಯನ್ನು ಎರಡು ಬಗೆಯಲ್ಲಿ ವಿಂಗಡಿಸಬಹುದು. ಮೊದಲ ಬಗೆಯಲ್ಲಿ ಅದು ತ್ರಿಭುಜ ಮತ್ತು ಅದರ ಎರಡು ಬಾಹುಗಳಿಗೆ ಅಂಟಿಕೊಂಡ ಎರಡು ಚಿಕ್ಕ ಅರ್ಧವೃತ್ತಗಳು. ಎರಡನೇ ಬಗೆಯಲ್ಲಿ ಅದು ದೊಡ್ಡ ಅರ್ಧವೃತ್ತ ಮತ್ತು ಅದರ ಮೇಲೆ ಕೂತ ಎರಡು ಚಂದ್ರಕಲೆಗಳು. ಆಕೃತಿ ಒಂದೇ ಆದ್ದರಿಂದ ಎರಡೂ ಲೆಕ್ಕ ಸಮ:

ತ್ರಿಭುಜ + ಎರಡು ಚಿಕ್ಕ ಅರ್ಧವೃತ್ತಗಳು = ದೊಡ್ಡ ಅರ್ಧವೃತ್ತ + ಎರಡು ಚಂದ್ರಕಲೆಗಳು

ಈಗ ಎರಡು ಚಿಕ್ಕ ಅರ್ಧವೃತ್ತಗಳ ಮೊತ್ತ ದೊಡ್ಡದಕ್ಕೆ ಸಮ ಎಂದು ತೋರಿಸಿದರೆ ಎರಡೂ ಕಡೆಯಿಂದ ಅವನ್ನು ಹೊಡೆದುಹಾಕಬಹುದು. ಉಳಿಯುವುದು ತ್ರಿಭುಜ ಒಂದು ಕಡೆ, ಚಂದ್ರಕಲೆಗಳು ಇನ್ನೊಂದು ಕಡೆ.

ಅದನ್ನು ತೋರಿಸುವುದು ಪೈಥಾಗೊರಸ್ ಪ್ರಮೇಯ. ವ್ಯಾಸ d ಇರುವ ಅರ್ಧವೃತ್ತದ ವಿಸ್ತೀರ್ಣ πd²/8. ಅಂದರೆ ಅದು ವ್ಯಾಸದ ಮೇಲಿನ ಚೌಕದ ಒಂದು ನಿಗದಿತ ಪಾಲು. ವೃತ್ತ ಚಿಕ್ಕದಿರಲಿ ದೊಡ್ಡದಿರಲಿ, ಪಾಲು ಅದೇ. ಚೌಕಗಳಿಗೆ a² + b² = c² ಆದರೆ, ಎಲ್ಲವನ್ನೂ π/8ರಿಂದ ಗುಣಿಸಿದಾಗ ಅರ್ಧವೃತ್ತಗಳಿಗೂ ಅದೇ ಸಂಬಂಧ ನಿಲ್ಲುತ್ತದೆ. ನಮ್ಮ ಅಳತೆಯಲ್ಲಿ 4.5π + 8π = 12.5π. ತ್ರಿಭುಜದ ವಿಸ್ತೀರ್ಣ 6 × 8 / 2 = 24 ಚದರ ಸೆಂ.ಮೀ. ಹಾಗಾಗಿ ಚಂದ್ರಕಲೆಗಳು 24 + 12.5π − 12.5π, ಅಂದರೆ 24.

π ಒಳಗೆ ಬಂದಿದ್ದು ಇಲ್ಲಿ, ಹೊರಗೆ ಹೋಗಿದ್ದೂ ಇಲ್ಲೇ. ಅದರ ಬೆಲೆ ಎಷ್ಟು ಎಂದು ಯಾರೂ ಕೇಳಲಿಲ್ಲ. 22/7 ಹಾಕಿ, 3.14 ಹಾಕಿ, ಬರೀ 3 ಹಾಕಿದರೂ ಉತ್ತರ 24 ಬರುತ್ತದೆ. ಆದ್ದರಿಂದ ಪರೀಕ್ಷೆಯಲ್ಲಿ ಈ ಲೆಕ್ಕ ಬಂದಾಗ 4.5π, 8π ಎಂದು ಹಾಗೆಯೇ ಬಿಟ್ಟುಕೊಂಡು ಹೋಗುವುದು ಜಾಣತನ. ಪ್ರತಿ ಅರ್ಧವೃತ್ತವನ್ನೂ ದಶಮಾಂಶಕ್ಕೆ ತಂದು ಒಂದೊಂದು ಹಂತದಲ್ಲೂ ಸರಿಸುಮಾರು ಮಾಡುತ್ತಾ ಹೋದವರಿಗೆ ಕೊನೆಗೆ 23.98 ಅಥವಾ 24.03 ಬಂದು, ಇದು ಸಮವೋ ಅಲ್ಲವೋ ಎಂಬ ಅನುಮಾನ ಉಳಿದುಬಿಡುತ್ತದೆ.

ಕಂಸ C ಮೂಲಕವೇ ಹಾಯಬೇಕು

ಮೇಲಿನ ಸಾಧನೆಯಲ್ಲಿ ಒಂದು ಮಾತು ಸದ್ದಿಲ್ಲದೆ ನುಸುಳಿದೆ. ದೊಡ್ಡ ಅರ್ಧವೃತ್ತದ ಕಂಸ ಸರಿಯಾಗಿ C ಶೃಂಗದ ಮೂಲಕ ಹಾದುಹೋಗುತ್ತದೆ ಎಂದು ಒಪ್ಪಿಕೊಂಡಿದ್ದೇವೆ. ಹಾಗಿಲ್ಲದಿದ್ದರೆ ಪೂರ್ಣ ಆಕೃತಿಯನ್ನು "ದೊಡ್ಡ ಅರ್ಧವೃತ್ತ ಮತ್ತು ಎರಡು ಚಂದ್ರಕಲೆ" ಎಂದು ವಿಂಗಡಿಸಲು ಬರುವುದೇ ಇಲ್ಲ.

ಅದು ಹಾಯುವುದಕ್ಕೆ ಕಾರಣ ಸರಳ. ಅದೇ ತ್ರಿಭುಜದ ಇನ್ನೊಂದು ಪ್ರತಿಯನ್ನು ವಿಕರ್ಣಕ್ಕೆ ಸೇರಿಸಿ ಆಯತ ಮಾಡಿ. ಆಯತದ ಕರ್ಣಗಳು ಸಮ, ಮತ್ತು ಅವು ಒಂದನ್ನೊಂದು ಅರ್ಧಿಸುತ್ತವೆ. AB ಒಂದು ಕರ್ಣ, C ಇನ್ನೊಂದು ಕರ್ಣದ ತುದಿ, ಎರಡೂ ಸೇರುವ ಬಿಂದು M. ಹಾಗಾಗಿ MA, MB, MC ಮೂರೂ ಸಮ, ನಮ್ಮ ಚಿತ್ರದಲ್ಲಿ ಮೂರೂ 5 ಸೆಂ.ಮೀ. M ಕೇಂದ್ರವಾಗಿ 5ರ ತ್ರಿಜ್ಯದಲ್ಲಿ ಎಳೆದ ಕಂಸ C ಬಿಂದುವನ್ನು ಮುಟ್ಟಲೇಬೇಕು.

ಲಂಬಕೋನ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಸಂಖ್ಯೆಯಲ್ಲೇ ನೋಡಬಹುದು. 6 ಮತ್ತು 8ರ ಬಾಹುಗಳನ್ನು 90°ಗೆ ಬದಲು 92°ಯಲ್ಲಿ ಎಳೆದಿರಿ ಎಂದುಕೊಳ್ಳಿ. ವಿಕರ್ಣದ ಜಾಗದಲ್ಲಿರುವ ಬಾಹು 10.17 ಸೆಂ.ಮೀ. ಆಗುತ್ತದೆ, ಅದರ ಅರ್ಧ 5.08. ಆದರೆ ನಡುಬಿಂದುವಿನಿಂದ C ಬಿಂದುವಿಗೆ ದೂರ 4.92 ಮಾತ್ರ. ಕಂಸ C ಬಿಂದುವಿನ ಆಚೆ ಸುಮಾರು 1.7 ಮಿ.ಮೀ. ದೂರದಲ್ಲಿ ಹಾಯುತ್ತದೆ. ಪೆನ್ಸಿಲ್ ಗೆರೆಯ ದಪ್ಪಕ್ಕಿಂತ ಇದು ಎಷ್ಟೋ ಹೆಚ್ಚು, ಬರಿಗಣ್ಣಿಗೇ ಕಾಣುತ್ತದೆ. ತ್ರಿಭುಜದ ವಿಸ್ತೀರ್ಣ 23.99, ಹೆಚ್ಚುಕಡಿಮೆ ಮೊದಲಿನಷ್ಟೇ. ದೊಡ್ಡ ಅರ್ಧವೃತ್ತ ಮಾತ್ರ ಚಿಕ್ಕವೆರಡರ ಮೊತ್ತಕ್ಕಿಂತ 1.3 ಚದರ ಸೆಂ.ಮೀ. ಹಿಗ್ಗಿದೆ, ಅಷ್ಟು ಹೆಚ್ಚು ಪಾಲನ್ನು ಚಂದ್ರಕಲೆಗಳಿಂದ ತಿಂದುಹಾಕಿದೆ. ಕೋನದಲ್ಲಿ ಎರಡು ಡಿಗ್ರಿ ತಪ್ಪಿದರೆ ವಿಸ್ತೀರ್ಣದಲ್ಲಿ ಶೇ. 5ರಷ್ಟು ತಪ್ಪು.

88° ಆದರೆ ಇದಕ್ಕೆ ತದ್ವಿರುದ್ಧ. ಕಂಸ C ಬಿಂದುವಿಗಿಂತ 1.7 ಮಿ.ಮೀ. ಒಳಗೇ ಉಳಿಯುತ್ತದೆ, ತ್ರಿಭುಜದ ತುದಿ ಹೊರಗೆ ಚಾಚುತ್ತದೆ, ಎರಡು ಚಂದ್ರಕಲೆಗಳು ಆ ತುದಿಯ ಮೂಲಕ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಚಿತ್ರದಲ್ಲಿ ಎರಡು ಚಂದ್ರಕಲೆಗಳು C ಬಿಂದುವಿನಲ್ಲಿ ಮೊನೆಗೆ ಮೊನೆ ತಾಗಿ ನಿಂತಿವೆಯೇ ಎಂದು ನೋಡಿದರೆ ಸಾಕು, ಕೋನ ಸರಿಯಿದೆಯೋ ಇಲ್ಲವೋ ತಿಳಿಯುತ್ತದೆ.

ಮೊತ್ತ ಸಮ, ಬಿಡಿಬಿಡಿಯಾಗಿ ಏನು?

ಇಲ್ಲಿಗೆ ಬಂದವರಿಗೆ ಮುಂದಿನ ಪ್ರಶ್ನೆ ತಾನಾಗಿಯೇ ಏಳುತ್ತದೆ: ಒಂದೊಂದು ಚಂದ್ರಕಲೆ ತ್ರಿಭುಜದ ಯಾವ ಭಾಗಕ್ಕೆ ಸಮ? ಎರಡು ಊಹೆಗಳು ಥಟ್ಟನೆ ಹೊಳೆಯುತ್ತವೆ, ಎರಡೂ ತಪ್ಪು. CM ಮಧ್ಯರೇಖೆ ತ್ರಿಭುಜವನ್ನು 12 ಮತ್ತು 12 ಎಂದು ಸಮನಾಗಿ ಸೀಳುತ್ತದೆ, ಒಂದೊಂದು ಚಂದ್ರಕಲೆ ಒಂದೊಂದಕ್ಕೆ ಸಮ ಎಂಬುದು ಮೊದಲ ಊಹೆ. C ಬಿಂದುವಿನಿಂದ ವಿಕರ್ಣಕ್ಕೆ ಲಂಬ ಇಳಿಸಿದರೆ ತ್ರಿಭುಜ 8.64 ಮತ್ತು 15.36 ಎಂದು ಸೀಳುತ್ತದೆ, ಪೈಥಾಗೊರಸ್ ಪ್ರಮೇಯದ ಸಾಧನೆಯಲ್ಲಿ ಬರುವ ಈ ವಿಭಜನೆಯೇ ಇಲ್ಲೂ ನಡೆಯುತ್ತದೆ ಎಂಬುದು ಎರಡನೆಯದು.

ಲೆಕ್ಕ ಹಾಕಿಯೇ ನೋಡೋಣ. 6 ಸೆಂ.ಮೀ. ಬಾಹುವಿನ ಮೇಲಿನ ಅರ್ಧವೃತ್ತ 4.5π, ಅಂದರೆ 14.14. ಇದರಿಂದ ಕಳೆಯಬೇಕಾದದ್ದು ದೊಡ್ಡ ವೃತ್ತದಲ್ಲಿ AC ಜ್ಯಾದ ಹೊರಗಿರುವ ವೃತ್ತಖಂಡ. ಆ ಖಂಡ ಸಿಗಬೇಕಾದರೆ MA ಮತ್ತು MC ತ್ರಿಜ್ಯಗಳ ನಡುವಿನ ತ್ರಿಜ್ಯಾಂತರ ಖಂಡದಿಂದ AMC ತ್ರಿಭುಜವನ್ನು ತೆಗೆಯಬೇಕು. M ಬಳಿಯ ಕೋನ 73.74°, ಹಾಗಾಗಿ ತ್ರಿಜ್ಯಾಂತರ ಖಂಡ 73.74/360 × 25π = 16.09. AMC ತ್ರಿಭುಜ ಇಡೀ ತ್ರಿಭುಜದ ಅರ್ಧ, 12. ವೃತ್ತಖಂಡ 4.09. ಚಂದ್ರಕಲೆ 14.14 − 4.09 = 10.05.

ಇನ್ನೊಂದು ಕಡೆ ಅರ್ಧವೃತ್ತ 25.13. M ಬಳಿಯ ಕೋನ 106.26°, ತ್ರಿಜ್ಯಾಂತರ ಖಂಡ 23.18, ವೃತ್ತಖಂಡ 11.18, ಚಂದ್ರಕಲೆ 13.95. ಕೂಡಿದರೆ 24 ಸರಿಯಾಗಿ ಬಂತು. ಆದರೆ 10.05 ಎಂಬುದು 12ಕ್ಕೂ ಸಮವಲ್ಲ, 8.64ಕ್ಕೂ ಸಮವಲ್ಲ.

ಮೇಲಿನ ಲೆಕ್ಕವನ್ನು ಸ್ವಲ್ಪ ಬೇರೆಯಾಗಿ ಜೋಡಿಸಿದರೆ ಒಳಗಿನ ಗುಟ್ಟು ಕಾಣುತ್ತದೆ. ಪ್ರತಿ ಚಂದ್ರಕಲೆಯೂ ತ್ರಿಭುಜದ ಅರ್ಧದಿಂದ ಹೊರಡುತ್ತದೆ, ಅದಕ್ಕೆ ತನ್ನ ಬಾಹುವಿನ ಅರ್ಧವೃತ್ತವನ್ನು ಕೂಡಿ, ತ್ರಿಜ್ಯಾಂತರ ಖಂಡವನ್ನು ಕಳೆಯುತ್ತದೆ. ಚಿಕ್ಕದು 12 + 14.14 − 16.09, ಅಂದರೆ 12ಕ್ಕೆ 1.95 ಕಡಿಮೆ. ದೊಡ್ಡದು 12 + 25.13 − 23.18, ಅಂದರೆ 12ಕ್ಕೆ 1.95 ಹೆಚ್ಚು. ಒಂದು ಕಳೆದುಕೊಂಡಿದ್ದನ್ನು ಇನ್ನೊಂದು ಪಡೆಯುತ್ತದೆ.

ಈ 1.95 ಏಕೆ ಬರುತ್ತದೆ? ದೊಡ್ಡ ಅರ್ಧವೃತ್ತ ಎರಡು ಬಗೆಯಲ್ಲಿ ಪಾಲಾಗುತ್ತಿದೆ. ಬಾಹುಗಳ ಮೇಲಿನ ಅರ್ಧವೃತ್ತಗಳು ಅದನ್ನು ಬಾಹುವಿನ ವರ್ಗದ ಪ್ರಕಾರ ಹಂಚುತ್ತವೆ: 36ಕ್ಕೆ 64, ಹಾಗಾಗಿ ಚಿಕ್ಕದಕ್ಕೆ ಶೇ. 36. ತ್ರಿಜ್ಯಾಂತರ ಖಂಡಗಳು ಅದನ್ನು ಕೋನದ ಪ್ರಕಾರ ಹಂಚುತ್ತವೆ: 180°ಯಲ್ಲಿ 73.74°, ಹಾಗಾಗಿ ಚಿಕ್ಕದಕ್ಕೆ ಶೇ. 40.97. ವರ್ಗದ ಲೆಕ್ಕವೂ ಕೋನದ ಲೆಕ್ಕವೂ ತಾಳೆಯಾಗುವುದು ಎರಡು ಬಾಹುಗಳೂ ಸಮ ಇದ್ದಾಗ ಮಾತ್ರ. ಆಗ ಎರಡೂ ಶೇ. 50. ಅಂಥ ತ್ರಿಭುಜದಲ್ಲಿ ಒಂದೊಂದು ಚಂದ್ರಕಲೆಯೂ ತ್ರಿಭುಜದ ಅರ್ಧಕ್ಕೆ ಸರಿಯಾಗಿ ಸಮ.

ಹತ್ತನೇ ತರಗತಿಯ ಎನ್‌ಸಿಇಆರ್‌ಟಿ ಗಣಿತ ಪುಸ್ತಕದ ಹಳೆಯ ಆವೃತ್ತಿಯಲ್ಲಿ ವೃತ್ತಗಳ ವಿಸ್ತೀರ್ಣದ ಅಧ್ಯಾಯದಲ್ಲಿ ಒಂದು ಲೆಕ್ಕವಿತ್ತು. 14 ಸೆಂ.ಮೀ. ತ್ರಿಜ್ಯದ ಕಾಲು ವೃತ್ತ, ಅದರ ಎರಡು ತುದಿ ಸೇರಿಸುವ BC ವ್ಯಾಸವಾಗಿ ಹೊರಗೆ ಒಂದು ಅರ್ಧವೃತ್ತ, ಎರಡು ಕಂಸಗಳ ನಡುವಿನ ಭಾಗದ ವಿಸ್ತೀರ್ಣ ಕಂಡುಹಿಡಿಯಬೇಕು. ಕಾಲು ವೃತ್ತ 154, ಅದರೊಳಗಿನ ತ್ರಿಭುಜ 98, ವೃತ್ತಖಂಡ 56; BC 14√2 ಆದ್ದರಿಂದ ಅದರ ಮೇಲಿನ ಅರ್ಧವೃತ್ತವೂ 154; ಉತ್ತರ 154 − 56 = 98. ತ್ರಿಭುಜದ ವಿಸ್ತೀರ್ಣವೇ ಮತ್ತೆ ಬಂತು. ಎಷ್ಟೋ ಮಕ್ಕಳು ಇದನ್ನು ಬಿಡಿಸಿ ಮುಂದಿನ ಲೆಕ್ಕಕ್ಕೆ ಹೋದರು, 98 ಎರಡು ಸಲ ಬಂದದ್ದು ಕಣ್ಣಿಗೆ ಬೀಳಲಿಲ್ಲ. ಅದು ಸಮದ್ವಿಬಾಹು ಲಂಬಕೋನ ತ್ರಿಭುಜದ ನಮ್ಮ ಚಿತ್ರದ ಒಂದು ಅರ್ಧವೇ. ಪುಸ್ತಕದ 22/7ಗೂ ಆ 98ಕ್ಕೂ ಯಾವ ಸಂಬಂಧವೂ ಇಲ್ಲ.

ಕತ್ತರಿ ಹಿಡಿದರೆ

ತರಗತಿಯಲ್ಲಿ ಇದನ್ನು ಕೈಯಾರೆ ತೋರಿಸಬೇಕೆನ್ನುವವರು ಚಂದ್ರಕಲೆಗಳನ್ನು ಕತ್ತರಿಸಿ, ಚೂರು ಮಾಡಿ ತ್ರಿಭುಜದೊಳಗೆ ತುಂಬಿಸಲು ನೋಡುತ್ತಾರೆ. ಎಷ್ಟು ಚೂರು ಮಾಡಿದರೂ ಎಲ್ಲೋ ಒಂದು ಕಡೆ ಸಂದಿ ಉಳಿಯುತ್ತದೆ. ಇದು ಕೈಚಳಕದ ಕೊರತೆಯಲ್ಲ, ಕತ್ತರಿಯಿಂದ ಆ ಕೆಲಸ ಆಗುವುದೇ ಇಲ್ಲ. ಕಾರಣ ಹೀಗಿದೆ. ಚಿಕ್ಕ ಚಂದ್ರಕಲೆಯ ಹೊರ ಅಂಚು 3 ಸೆಂ.ಮೀ. ತ್ರಿಜ್ಯದ ಉಬ್ಬುಕಂಸ. ಅದು ಅಂತಿಮವಾಗಿ ತ್ರಿಭುಜದೊಳಗೆ ಸಂದಿಯಿಲ್ಲದೆ ಕೂರಬೇಕಾದರೆ ಅದಕ್ಕೆ ಒತ್ತಿಕೊಳ್ಳಲು ಅಷ್ಟೇ ಉದ್ದದ, 3 ಸೆಂ.ಮೀ. ತ್ರಿಜ್ಯದ ತಗ್ಗುಕಂಸ ಬೇಕು. ಅಂಥ ತಗ್ಗುಕಂಸ ಸಿಗುವುದು 3ರ ತ್ರಿಜ್ಯದಲ್ಲಿ ಹೊಸದಾಗಿ ಕತ್ತರಿಸಿದಾಗ. ಆದರೆ ಹಾಗೆ ಕತ್ತರಿಸಿದಾಗೆಲ್ಲ ಒಂದು ಬದಿಯಲ್ಲಿ ತಗ್ಗು, ಇನ್ನೊಂದು ಬದಿಯಲ್ಲಿ ಅಷ್ಟೇ ಉಬ್ಬು ಹುಟ್ಟುತ್ತವೆ. ಉಬ್ಬಿನಿಂದ ತಗ್ಗನ್ನು ಕಳೆದ ಬಾಕಿ ಬದಲಾಗುವುದೇ ಇಲ್ಲ. ತ್ರಿಭುಜದ ಅಂಚು ನೇರ, ಅಲ್ಲಿ ಬಾಕಿ ಸೊನ್ನೆ. ಚಂದ್ರಕಲೆಯಲ್ಲಿ ಬಾಕಿ ಸೊನ್ನೆಯಲ್ಲ.

ಇದರಿಂದ ಪ್ರಮೇಯದ ಸ್ವಭಾವವೂ ತಿಳಿಯುತ್ತದೆ. ಪೈಥಾಗೊರಸ್ ಪ್ರಮೇಯದ ಚೌಕಗಳನ್ನು ಕತ್ತರಿಸಿ ಜೋಡಿಸಿ ತೋರಿಸಬಹುದು. ಚಂದ್ರಕಲೆಯಲ್ಲಿ ಅದು ಸಾಧ್ಯವಿಲ್ಲ. "ವೃತ್ತಗಳ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ" ಎಂಬ ಮಾತನ್ನು ಹೊರಗಿನಿಂದ ತರಲೇಬೇಕು. ಯೂಕ್ಲಿಡ್ ತನ್ನ ಗ್ರಂಥದ 12ನೇ ಭಾಗದ ಎರಡನೇ ಪ್ರಮೇಯವಾಗಿ ಇದನ್ನು ಸಾಧಿಸುತ್ತಾನೆ. ವೃತ್ತದೊಳಗೆ ಬಾಹುಗಳನ್ನು ಹೆಚ್ಚಿಸುತ್ತಾ ಹೋಗುವ ಬಹುಭುಜಗಳನ್ನು ಕೂರಿಸಿ, ಉಳಿದ ಸಂದಿಯನ್ನು ಬೇಕಾದಷ್ಟು ಕಿರಿದು ಮಾಡುವ ವಿಧಾನ ಅದು.

ಕೈಯಾರೆ ತೋರಿಸಲು ಜೋಡಿಸುವುದಕ್ಕಿಂತ ತೂಗುವುದು ಒಳ್ಳೆಯ ದಾರಿ. ಎ3 ಅಳತೆಯ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ದಪ್ಪ ಕಾರ್ಡಿನ ಮೇಲೆ ಎಲ್ಲ ಅಳತೆಗಳನ್ನೂ ಮೂರು ಪಟ್ಟು ಮಾಡಿ 18, 24, 30 ಸೆಂ.ಮೀ. ತ್ರಿಭುಜ ಬರೆಯಿರಿ. ತ್ರಿಭುಜವೂ ಚಂದ್ರಕಲೆಗಳೂ ಒಂದರ ಮೇಲೊಂದು ಬೀಳುವುದಿಲ್ಲ, ನಡುವೆ ವೃತ್ತಖಂಡಗಳಿವೆ. ಹಾಗಾಗಿ ಒಂದೇ ಹಾಳೆಯಿಂದ ಮೂರನ್ನೂ ಕತ್ತರಿಸಿಕೊಳ್ಳಬಹುದು. ತ್ರಿಭುಜ 216 ಚದರ ಸೆಂ.ಮೀ., ತೂಕ 6.48 ಗ್ರಾಂ. ಚಂದ್ರಕಲೆಗಳು 2.71 ಮತ್ತು 3.77 ಗ್ರಾಂ. ಒಂದು ಗ್ರಾಂ ಹಂತದಲ್ಲಿ ತೋರಿಸುವ ಅಡುಗೆಮನೆಯ ತಕ್ಕಡಿ ಇದಕ್ಕೆ ಸಾಲದು, 0.01 ಗ್ರಾಂ ತೋರಿಸುವ ಚಿನ್ನದ ತಕ್ಕಡಿ ಬೇಕು.

ತೂಗಿದಾಗ ಚಂದ್ರಕಲೆಗಳ ಕಡೆ ಸ್ವಲ್ಪ ಹೆಚ್ಚು ಬರುವುದುಂಟು. ಅದಕ್ಕೆ ಕಾರಣ ಅಂಚಿನ ಉದ್ದ. ವಿಸ್ತೀರ್ಣ ಸಮವಾದರೂ ಸುತ್ತಳತೆ ಸಮವಲ್ಲ. ತ್ರಿಭುಜದ ಸುತ್ತಳತೆ 72 ಸೆಂ.ಮೀ., ಎರಡು ಚಂದ್ರಕಲೆಗಳದು ಸೇರಿ 36π, ಅಂದರೆ 113 ಸೆಂ.ಮೀ. ಕತ್ತರಿ ಎಲ್ಲೆಡೆ ಗೆರೆಯಿಂದ ಅರ್ಧ ಮಿ.ಮೀ. ಹೊರಗೆ ಹೋದರೆ ತ್ರಿಭುಜ 3.6 ಚದರ ಸೆಂ.ಮೀ. ಹಿಗ್ಗುತ್ತದೆ, ಚಂದ್ರಕಲೆಗಳು 5.7 ಹಿಗ್ಗುತ್ತವೆ. ತಕ್ಕಡಿಯಲ್ಲಿ 0.06 ಗ್ರಾಂ ವ್ಯತ್ಯಾಸ ಕಾಣುತ್ತದೆ. ಅಷ್ಟರೊಳಗೆ ಬಂದರೆ ಕತ್ತರಿಸಿದ್ದು ಚೆನ್ನಾಗಿದೆ ಎಂದೇ ಲೆಕ್ಕ.

ವೃತ್ತವನ್ನು ಚೌಕ ಮಾಡುವ ಆಸೆ

ಸಮದ್ವಿಬಾಹು ಲಂಬಕೋನ ತ್ರಿಭುಜದ ಚಂದ್ರಕಲೆಯನ್ನು ಸಾಧಿಸಿದವನು ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಗಣಿತಜ್ಞ, ಕಿಯೋಸ್ ದ್ವೀಪದ ಹಿಪ್ಪೊಕ್ರಟಿಸ್. ವೈದ್ಯಕೀಯದ ಪಿತಾಮಹ ಎನ್ನಿಸಿಕೊಂಡ ಕೋಸ್ ದ್ವೀಪದ ಹಿಪ್ಪೊಕ್ರಟಿಸ್ ಬೇರೆ, ಇವನು ಬೇರೆ. ಇವನ ಬರಹ ಉಳಿದಿಲ್ಲ. ಅರಿಸ್ಟಾಟಲನ ಶಿಷ್ಯ ಯುಡೀಮಸ್ ಬರೆದಿಟ್ಟ ವಿವರವನ್ನು ಕ್ರಿ.ಶ. 6ನೇ ಶತಮಾನದ ಸಿಂಪ್ಲಿಷಿಯಸ್ ತನ್ನ ವ್ಯಾಖ್ಯಾನದಲ್ಲಿ ಉದ್ಧರಿಸಿದ್ದರಿಂದ ನಮಗೆ ತಿಳಿದಿದೆ. ಕೈವಾರ ಮತ್ತು ಅಳತೆಯಿಲ್ಲದ ಪಟ್ಟಿಯಿಂದ ವೃತ್ತದಷ್ಟೇ ವಿಸ್ತೀರ್ಣದ ಚೌಕ ಬರೆಯಲು ಆಗಿನವರು ಹೆಣಗುತ್ತಿದ್ದರು. ಕಂಸಗಳಿಂದಲೇ ಆದ ಆಕೃತಿಯೊಂದು ತ್ರಿಭುಜಕ್ಕೆ ಸಮ ಎಂದು ಮೊದಲ ಸಲ ತಿಳಿದಾಗ, ಇನ್ನೇನು ವೃತ್ತವೂ ದಕ್ಕಿತು ಎನ್ನಿಸಿದ್ದರೆ ಆಶ್ಚರ್ಯವಿಲ್ಲ. ದಕ್ಕಲಿಲ್ಲ. π ಪೂರ್ಣಾಂಕ ಸಹಗುಣಕಗಳಿರುವ ಯಾವ ಬೀಜಗಣಿತ ಸಮೀಕರಣಕ್ಕೂ ಮೂಲವಾಗದ ಸಂಖ್ಯೆ ಎಂದು 1882ರಲ್ಲಿ ಜರ್ಮನಿಯ ಲಿಂಡೆಮನ್ ಸಾಧಿಸಿ ಆ ಬಾಗಿಲು ಮುಚ್ಚಿದ.

ಬಾಹುಗಳು ಸಮವಿಲ್ಲದ ಯಾವುದೇ ಲಂಬಕೋನ ತ್ರಿಭುಜಕ್ಕೂ ಎರಡು ಚಂದ್ರಕಲೆಗಳ ಮೊತ್ತ ಸಮ ಎಂಬ ವಿಸ್ತರಣೆ ಸುಮಾರು 965ರಲ್ಲಿ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಕೆಲಸ ಮಾಡಿದ ಇಬ್ನ್ ಅಲ್ ಹೈತಮನ ಹೆಸರಿನಲ್ಲಿದೆ. ದೃಗ್ವಿಜ್ಞಾನದಲ್ಲಿ ದೊಡ್ಡ ಹೆಸರು ಮಾಡಿದವನು ಇವನೇ.

ಜೊತೆಯಿಲ್ಲದೆ ಒಂಟಿಯಾಗಿಯೇ ಅಷ್ಟೇ ವಿಸ್ತೀರ್ಣದ ಚೌಕಕ್ಕೆ ತರಬಹುದಾದ ಮೂರು ಬಗೆಯ ಚಂದ್ರಕಲೆಗಳನ್ನು ಹಿಪ್ಪೊಕ್ರಟಿಸ್ ಕಂಡಿದ್ದ. ಇನ್ನೆರಡು 18ನೇ ಶತಮಾನದಲ್ಲಿ ಸಿಕ್ಕವು. ಎರಡು ಕಂಸಗಳ ಕೋನಗಳ ಅನುಪಾತ ಪೂರ್ಣಸಂಖ್ಯೆಗಳಲ್ಲಿ ಹೇಳುವಂತಿದ್ದರೆ ಈ ಐದನ್ನು ಬಿಟ್ಟು ಬೇರೆ ಇಲ್ಲ ಎಂದು 20ನೇ ಶತಮಾನದಲ್ಲಿ ಚೆಬೊತಾರ್ಯೊವ್ ಮತ್ತು ಅವರ ಶಿಷ್ಯ ದೊರೊದ್ನೊವ್ ತೋರಿಸಿದರು. ನಮ್ಮ 10.05ರ ಚಂದ್ರಕಲೆ ಈ ಐದರಲ್ಲಿ ಸೇರಿಲ್ಲ. ಅದರ ನಿಖರ ವಿಸ್ತೀರ್ಣ 12 + 4.5π − 12.5θ, ಇಲ್ಲಿ θ ಎಂಬುದು 73.74°ಯನ್ನು ರೇಡಿಯನ್ನಿನಲ್ಲಿ ಹೇಳಿದ್ದು. 1966ರಲ್ಲಿ ಬ್ರಿಟನ್ನಿನ ಅಲನ್ ಬೇಕರ್ ಕೊಟ್ಟ ಪ್ರಮೇಯದ ಪ್ರಕಾರ 4.5π − 12.5θ ಕೂಡ π ಇದ್ದಂತೆಯೇ ಬೀಜಗಣಿತದ ಹಿಡಿತಕ್ಕೆ ಸಿಗದ ಸಂಖ್ಯೆ. ಹಾಗಾಗಿ ಆ ಒಂದು ಚಂದ್ರಕಲೆಯನ್ನು ಮಾತ್ರ ಕೊಟ್ಟು ಅದರಷ್ಟೇ ವಿಸ್ತೀರ್ಣದ ಚೌಕ ಬರೆಯಿರಿ ಎಂದರೆ ಕೈವಾರ, ಪಟ್ಟಿಗಳಿಂದ ಆಗುವುದಿಲ್ಲ. ಪಕ್ಕದ 13.95ರ ಚಂದ್ರಕಲೆಯನ್ನೂ ಜೊತೆಗೆ ಕೊಟ್ಟರೆ √24 ಬಾಹುವಿನ ಚೌಕವನ್ನು ನಾಲ್ಕೈದು ಗೆರೆಗಳಲ್ಲಿ ಬರೆದು ಮುಗಿಸಬಹುದು.